ಚೆನ್ನಪ್ಪನ ಮೂಗು ಮತ್ತು ಉಚ್ಚಿಲದ ತಾರಸಿ

ಕಾಪುವಿನ ಚೆನ್ನಪ್ಪನಿಗೆ ಐವತ್ತೆರಡು ವರ್ಷ. ಅದರಲ್ಲಿ ಇಪ್ಪತ್ತೆಂಟು ವರ್ಷ ಕಳೆದದ್ದು ಬೇರೆಯವರ ಮನೆಯ ತಾರಸಿಯ ಮೇಲೆ. ಅಪ್ಪ, ಅಣ್ಣಂದಿರೆಲ್ಲ ದೋಣಿಗೆ ಹೋದವರು. ಇವನೂ ಹೋಗಿ ನೋಡಿದ. ಮೂರು ದಿನ ವಾಂತಿ ಮಾಡಿ, ನಾಲ್ಕನೆಯ ದಿನ ಮಣಿಪಾಲದ ಬಸ್ಸು ಹತ್ತಿದ. ಅಲ್ಲಿ ತಾರಸಿ ಸೋರದಂತೆ ಡಾಂಬರಿನ ಹಾಳೆ ಹಾಸುವ ತಂಡಕ್ಕೆ ಗ್ಯಾಸ್ ಸಿಲಿಂಡರ್ ಹೊರುವವನು ಬೇಕಿತ್ತು. ಹೊತ್ತ. ಆರು ತಿಂಗಳಲ್ಲಿ ಹಾಳೆ ಕರಗಿಸುವ ಗ್ಯಾಸ್ ಬೆಂಕಿಯ ಟಾರ್ಚು ಕೈಗೆ ಬಂತು.

ಆಮೇಲೆ ಅವನು ಟಾರ್ಚಿನವನೇ ಆಗಿಬಿಟ್ಟ. ಸುರುಳಿಯನ್ನು ಕಾಲಿನಿಂದ ಮೆಲ್ಲಗೆ ತಳ್ಳುತ್ತಾ ಅಡಿಗೆ ಬೆಂಕಿ ಹಿಡಿದರೆ ತೆಳು ಪ್ಲಾಸ್ಟಿಕ್ ಕರಗಿ ಡಾಂಬರು ಕನ್ನಡಿಯಂತೆ ಹೊಳೆಯುತ್ತದೆ. ಒಂದು ಹಾಳೆ ಇನ್ನೊಂದರ ಮೇಲೆ ನಾಲ್ಕು ಇಂಚು ಏರಿ ಕುಳಿತಾಗ, ಜೋಡಿನ ಅಂಚಿನುದ್ದಕ್ಕೂ ಕರಗಿದ ಡಾಂಬರು ಸಣ್ಣ ಹಗ್ಗದ ಹಾಗೆ ಹೊರಗೆ ಇಣುಕಬೇಕು. ಇಣುಕಿದರೆ ಜೋಡು ಸರಿ. ಪರ್ಕಳದಲ್ಲಿ ಒಬ್ಬ ಮನೆ ಯಜಮಾನ, "ನಾಲ್ಕು ಇಂಚು ಯಾಕೆ, ಎರಡು ಸಾಕಲ್ವಾ, ಹಾಳೆ ದಂಡ" ಎಂದಿದ್ದ. ಚೆನ್ನಪ್ಪ ಸುರುಳಿಗಳನ್ನೆಲ್ಲ ಕೆಳಗಿಳಿಸಿ, ಟೆಂಪೋಕ್ಕೆ ಹಾಕಿ, ಹೊರಡುವಾಗ ಮಾತ್ರ ಬಾಯಿ ಬಿಟ್ಟ: "ನಿಮ್ಮ ಅಂಗಿಯ ಕೈಯನ್ನೂ ಅರ್ಧವೇ ಹೊಲಿಸಿ!"

ಇಂಥವನಿಗೆ ಕಳೆದ ಮೇ ತಿಂಗಳಲ್ಲಿ ಉಚ್ಚಿಲದ ನಳಿನಾಕ್ಷಿ ಫೋನು ಮಾಡಿದಳು. ಮೀನು ಮಾರಿ ಸ್ವಂತ ಮನೆ ಕಟ್ಟಿಸಿದ ಹೆಂಗಸು, ಚೆನ್ನಪ್ಪನಿಗಿಂತ ನಾಲ್ಕು ವರ್ಷ ದೊಡ್ಡವಳು. ಮಗಳು ಕಾವ್ಯ ಉಡುಪಿಯಲ್ಲಿ ಹೆತ್ತಿದ್ದಳು. ಜೂನ್ ಒಂದಕ್ಕೆ ಮಗುವಿನ ಜೊತೆ ತಾಯಿಮನೆಗೆ ಬರುವವಳು. ಬಾಣಂತಿಗೆಂದು ಇಟ್ಟ ಮಾಳಿಗೆಯ ಕೋಣೆಯೇ ಪ್ರತಿ ಮಳೆಗಾಲ ಸೋರುತ್ತಿತ್ತು.

"ಮಗು ಬರುವುದರೊಳಗೆ ಆಗಬೇಕು, ಚೆನ್ನಪ್ಪ."

"ಆಗ್ತದೆ ಅಕ್ಕ. ಒಂದು ಹನಿ ಬಿದ್ದರೆ ನಾನು ಟಾರ್ಚು ಮುಟ್ಟುವುದಿಲ್ಲ."

ಮಾತು ಕೊಟ್ಟು ಮೇಲೆ ಹತ್ತಿದರೆ, ಟಾರ್ಚು ಮುಟ್ಟುವ ಹಾಗೇ ಇರಲಿಲ್ಲ. ತಾರಸಿಯ ಒಂದು ಬದಿಗೆ ಮರದ ಕಂಬದ ಶೆಡ್ಡು. ಅದರ ತುಂಬ ನೈಲಾನ್ ಬಲೆ, ಹಗ್ಗ, ಥರ್ಮಾಕೋಲ್ ಪೆಟ್ಟಿಗೆ. ಒಂದು ಕಿಡಿ ಹಾರಿದರೆ ಮನೆಯೇ ಇಲ್ಲ. ಬಲೆ ಸಾಗಿಸಲು ಬೇರೆ ಜಾಗವೂ ಇಲ್ಲ.

ಆಗ ನೆನಪಾದವನು ಲಾಯ್ಡ್. ಕಾರ್ಕಳದವನು, ಹಿಂದೆ ಚೆನ್ನಪ್ಪನ ಜೊತೆಗೇ ಟಾರ್ಚು ಹಿಡಿದಿದ್ದ, ಈಗ ಮಣಿಪಾಲದಲ್ಲಿ ಇಂಥ ಹಾಳೆಗಳ ಅಂಗಡಿ ಇಟ್ಟಿದ್ದ. ತಾನೇ ಅಂಟುವ ಹಾಳೆಯನ್ನು ಅವನು ಹೊಗಳುತ್ತಿದ್ದ. ಹಿಂಬದಿಯ ಕಾಗದ ಸುಲಿದು, ಹಾಸಿ, ರೋಲರ್ ಒತ್ತಿದರೆ ಮುಗಿಯಿತು, ಬೆಂಕಿಯೇ ಬೇಡ.

"ಸ್ಟಿಕ್ಕರ್ ಅಂಟಿಸ್ಲಿಕ್ಕೆ ನಾನು ಶಾಲೆ ಮಗುವಾ?" ಎಂದ ಚೆನ್ನಪ್ಪ ಫೋನಿನಲ್ಲಿ.

"ಮಗುವಿಗೆ ಕೊಡುವುದಿಲ್ಲ ಮಾರಾಯ್ರೆ, ಕಷ್ಟದ ಕೆಲಸ ಅದು. ಕೆಳಗಿನ ಕಾಂಕ್ರೀಟು ಚೆನ್ನಾಗಿ ನೋಡಿ ಚೆನ್ನಪ್ಪಣ್ಣ, ಇದಕ್ಕೆ ಅದೇ ಮುಖ್ಯ."

"ನನಗೆ ಕಲಿಸ್ತೀಯಾ?"

ಬೇರೆ ದಾರಿಯಿಲ್ಲದೆ ಚೆನ್ನಪ್ಪ ಅದೇ ಹಾಳೆ ತರಿಸಿಕೊಂಡ. ಕಾಂಕ್ರೀಟನ್ನು ಅವನು ನೋಡಲೇ ಇಲ್ಲ ಎನ್ನುವಂತಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿದ, ಗುಡಿಸಿದ, ಬಿರುಕು ತುಂಬಿದ, ಗೋಡೆಯ ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿದ. ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ನೆಲಕ್ಕೆ ಅಂಟಿಸಿಟ್ಟ. ಮರುದಿನ ಬಿಚ್ಚಿದಾಗ ಅಡಿಯಲ್ಲಿ ಬೆವರಿರಲಿಲ್ಲ. ಒಣಗಿದೆ ಎಂದು, ಹಾಳೆ ನೆಲಕ್ಕೆ ಹಿಡಿಯಲು ಬೇಕಾದ ಪ್ರೈಮರ್ ಬಳಿದ. ನಡುವಿನ ಜಾಗದಲ್ಲಿ ಅದು ಹರಡದೆ ಅಲ್ಲಲ್ಲಿ ಗುಂಡುಗುಂಡಾಗಿ ಹಿಂದೆ ಸರಿಯಿತು. ಚೆನ್ನಪ್ಪ ಬೈದು ಇನ್ನೊಂದು ಕೋಟು ಹೊಡೆದ. ಟಾರ್ಚಿನ ಕೆಲಸದಲ್ಲಿ ಇಂಥ ಸಣ್ಣಪುಟ್ಟದ್ದನ್ನು ಬೆಂಕಿ ನೋಡಿಕೊಳ್ಳುತ್ತದೆ ಎಂಬುದು ಅವನ ಹಳೆಯ ನಂಬಿಕೆ. ಇಲ್ಲಿ ಬೆಂಕಿ ಇಲ್ಲ ಎಂಬುದನ್ನು ಕೈ ಮರೆತಿತ್ತು.

ಹಾಳೆ ಹಾಸಿ ಮುಗಿದ ಮೂರನೆಯ ದಿನ, ಬಿಸಿಲಿಗೆ ನಡುವಿನ ಜೋಡುಗಳೆಲ್ಲ ಬಾಯಿ ತೆರೆದು ನಿಂತವು. ಒಂದು ಮೂಲೆ ಎಳೆದರೆ ಬಾಳೆಲೆ ಎತ್ತಿದಷ್ಟು ಸುಲಭವಾಗಿ ಹಾಳೆ ಎದ್ದು ಬಂತು. ಚೆನ್ನಪ್ಪ ಫೋನಿನಲ್ಲಿ ಲಾಯ್ಡನ ಮೇಲೆ ಹಾರಿಬಿದ್ದ: "ನಿನ್ನ ಸ್ಟಿಕ್ಕರನ್ನು ಬಂದು ಹೊತ್ತುಕೊಂಡು ಹೋಗು! ಎಂತ ಕಸ ಕೊಟ್ಟದ್ದು ನನಗೆ?"

ಮಧ್ಯಾಹ್ನಕ್ಕೆ ಲಾಯ್ಡ್ ಸ್ಕೂಟರಿನಲ್ಲಿ ಬಂದ. ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಕರ್ಚೀಫು ಹಿಡಿದ. ಹಾಳೆಯ ಹಿಂಬದಿ ನೋಡಿದ. ಪ್ರೈಮರ್ ಪೂರ್ತಿ ಹಾಳೆಯೊಂದಿಗೇ ಎದ್ದು ಬಂದಿತ್ತು, ಕೆಳಗೆ ಕಾಂಕ್ರೀಟು ಬೆತ್ತಲೆ. "ಹಾಳೆ ಪ್ರೈಮರನ್ನು ಹಿಡಿದಿದೆ. ಪ್ರೈಮರು ನೆಲವನ್ನು ಹಿಡಿದಿಲ್ಲ" ಎಂದು ಅವನು ಬಾಟಲಿಯಿಂದ ಒಂದಿಷ್ಟು ನೀರು ಚೆಲ್ಲಿದ. ನೀರು ಇಂಗಲಿಲ್ಲ. ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತುಮುತ್ತಾಗಿ ನಿಂತಿತು.

"ಎಣ್ಣೆ ಚೆನ್ನಪ್ಪಣ್ಣ. ನಿಮಗೆ ವಾಸನೆ ಬರುವುದಿಲ್ವಾ?"

"ಎಂತ ವಾಸನೆ?"

ನಳಿನಾಕ್ಷಿ ಬಾಗಿಲಲ್ಲೇ ನಿಂತು ಹೇಳಿದಳು: "ಹನ್ನೆರಡು ವರ್ಷದಿಂದ ಬೂತಾಯಿ ಮೀನು ಒಣಗಿಸುವುದು ಅಲ್ಲೇ ಅಲ್ವಾ. ಸರೀ ನಡುವಿನಲ್ಲಿ."

ಚೆನ್ನಪ್ಪ ಮೂಗರಳಿಸಿ ಎಳೆದ. ಏನೂ ಇಲ್ಲ. ಹುಟ್ಟಿದ್ದೇ ಒಣಮೀನಿನ ಚಾಪೆಯ ಪಕ್ಕದಲ್ಲಿ. ಬೂತಾಯಿಯ ವಾಸನೆ ಅವನ ಲೆಕ್ಕದಲ್ಲಿ ಬರೀ ಗಾಳಿ. ಮೆಟ್ಟಿಲಲ್ಲೇ ಕಡಲಿಲ್ಲದ ಕಾರ್ಕಳದವನಿಗೆ ಬಡಿದದ್ದು, ಹತ್ತು ದಿನ ಮೊಣಕಾಲೂರಿ ಕೆಲಸ ಮಾಡಿದವನಿಗೆ ತಿಳಿದಿರಲಿಲ್ಲ. ಇಷ್ಟು ವರ್ಷಗಳಲ್ಲಿ ತಾನು ಹಾಸಿದ ಹಾಳೆಯನ್ನು ತಾನೇ ಕಿತ್ತದ್ದಿಲ್ಲ. ಕಿವಿಯವರೆಗೆ ಕೆಂಪೇರಿತು. ಬೈಯಲು ಸುತ್ತ ನೋಡಿದ. ಯಾರೂ ಸಿಗಲಿಲ್ಲ.

"ಅಕ್ಕ," ಎಂದ ಕೊನೆಗೆ, "ತಪ್ಪು ನನ್ನದು. ಪೂರ್ತಿ ಕೀಳ್ತೇನೆ."

"ಜೂನ್ ಒಂದಕ್ಕೆ ಹದಿನೈದು ದಿನ ಉಂಟು," ಎಂದಳು ನಳಿನಾಕ್ಷಿ. ಬೈದಿದ್ದರೆ ವಾಸಿ ಎನಿಸಿತು ಅವನಿಗೆ.

ಕಿತ್ತರು. ಮೊದಲು ಗ್ರೈಂಡರ್ ತಂದ ಚೆನ್ನಪ್ಪನನ್ನು ಲಾಯ್ಡ್ ತಡೆದ. ಎಣ್ಣೆ ಇರುವಾಗಲೇ ಉಜ್ಜಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ಮೊದಲು ಎಣ್ಣೆ ತೆಗೆಯುವ ದ್ರಾವಣ, ಬಿಸಿನೀರು, ಗಟ್ಟಿ ಬ್ರಷ್ಷು, ಮೂರು ಸಲ. ಆಮೇಲೆ ಗ್ರೈಂಡರ್, ಹಳೆಯ ಮೇಲ್ಪದರ ಹೋಗಿ ಗಟ್ಟಿ ಕಾಂಕ್ರೀಟು ಕಾಣುವವರೆಗೆ. ಮತ್ತೆ ತೊಳೆದು ನೀರು ಚೆಲ್ಲಿದರೆ ಈ ಸಲ ನೆಲ ಅದನ್ನು ಕುಡಿಯಿತು. ಮೂರು ದಿನ ಒಣಗಿಸಿ ಪ್ಲಾಸ್ಟಿಕ್ ತುಂಡು ಅಂಟಿಸಿ ನೋಡಿದರೆ ಅಡಿಯಲ್ಲಿ ಬೆವರು. ಪಡುವಣದಲ್ಲಿ ಮೋಡ ಬೇರೆ. ಟಾರ್ಚು ಹಚ್ಚಿ ಒಣಗಿಸಿಬಿಡಲೇ ಎಂದು ಕೈ ತುರಿಸಿತು. ಬಲೆಯ ಶೆಡ್ಡು ನೋಡಿ ಕೈಯನ್ನು ಜೇಬಿಗೆ ಹಾಕಿಕೊಂಡ. ಇನ್ನೆರಡು ದಿನ ಕಾದ. ಮೋಡ ಕಾಪುವಿನ ಕಡೆಗೆ ಹೋಗಿ ಸುರಿಯಿತು. ತನ್ನ ಅಂಗಳದಲ್ಲಿ ಒಣಗಿದ ಬಟ್ಟೆ ಒದ್ದೆಯಾಯಿತೆಂದು ಹೆಂಡತಿ ಫೋನು ಮಾಡಿದರೆ, "ಭಾರೀ ಒಳ್ಳೇದಾಯ್ತು" ಎಂದ.

ಪ್ರೈಮರ್ ಈ ಸಲ ಒಂದೇ ಸಮನೆ ಹರಡಿ ಒಣಗಿತು. ನೀರು ಹೋಗುವ ಕೊಳವೆಯ ಬಳಿಯ ತಗ್ಗಿನಿಂದ ಶುರುಮಾಡಿ ಏರಿನ ಕಡೆಗೆ ಹಾಸಿದರು, ಮೇಲಿನ ಹಾಳೆ ಕೆಳಗಿನದರ ಮೇಲೆ ಬರುವ ಹಾಗೆ. ಬದಿಗೆ ನಾಲ್ಕು ಇಂಚು, ತುದಿಗೆ ಆರು. ಇಲ್ಲಿ ಇಣುಕಿ ಧೈರ್ಯ ಹೇಳುವ ಡಾಂಬರಿನ ಹಗ್ಗವಿಲ್ಲ. ಚೆನ್ನಪ್ಪ ಪ್ರತಿಯೊಂದು ಜೋಡಿನ ಮೇಲೂ ರೋಲರನ್ನು ಮೈಭಾರ ಹಾಕಿ ಒತ್ತಿ, ಕರಣೆಯ ತುದಿಯಿಂದ ಅಂಚನ್ನು ಕೆಣಕಿ ನೋಡಿದ. ಮೂರು ಹಾಳೆ ಕೂಡುವಲ್ಲಿ ಮೂಲೆ ಕತ್ತರಿಸಿ ಡಾಂಬರಿನ ಮೇಣ ಬಳಿದ.

"ರೋಲರ್ ಮುರೀತದೆ ಚೆನ್ನಪ್ಪಣ್ಣ!"

"ಮುರಿದರೆ ನಿನ್ನ ಅಂಗಡಿಯಲ್ಲಿ ಇನ್ನೊಂದು ಉಂಟಲ್ಲ, ಸುಮ್ಮನಿರು."

ಕೊಳವೆಗಳಿಗೆ ಬಿರಡೆ ಹಾಕಿ ಎರಡು ದಿನ ತಾರಸಿಯಲ್ಲಿ ನೀರು ನಿಲ್ಲಿಸಿದರು. ಆ ಎರಡು ದಿನ ಚೆನ್ನಪ್ಪ ಗಂಟೆಗೊಮ್ಮೆ ಕೆಳಗಿನ ಕೋಣೆಗೆ ಬಂದು ಏಣಿ ಹತ್ತಿ ಸೀಲಿಂಗಿಗೆ ಅಂಗೈ ಒತ್ತಿದ. ಒಣಗಿತ್ತು. ನೀರು ಬಿಟ್ಟು, ಬಿಸಿಲಿಗೆ ಹಾಳೆ ಹಾಳಾಗದಂತೆ ಮೇಲೆ ಗಾರೆ ಹಾಕಿಸಿದ. ಅದು ಮುಗಿದದ್ದು ಮೇ ಮೂವತ್ತಕ್ಕೆ.

ಜೂನ್ ಎರಡಕ್ಕೆ ಮಳೆ ಬಂತು, ಗುಡುಗಿನೊಂದಿಗೆ. ಕರೆಯದಿದ್ದರೂ ಚೆನ್ನಪ್ಪ ಕೊಡೆ ಹಿಡಿದು ಉಚ್ಚಿಲಕ್ಕೆ ಹೋದ. ನಳಿನಾಕ್ಷಿ ತುಟಿಯ ಮೇಲೆ ಬೆರಳಿಟ್ಟು ಒಳಗೆ ಬಿಟ್ಟಳು. ಕಾವ್ಯ ಗೋಡೆಗೊರಗಿ ಗಂಜಿ ಉಣ್ಣುತ್ತಿದ್ದಳು, ಮಗು ಮಲಗಿತ್ತು. ಚೆನ್ನಪ್ಪ ಸೀಲಿಂಗನ್ನು ಆ ಮೂಲೆಯಿಂದ ಈ ಮೂಲೆಗೆ ನೋಡಿದ. ಮೇಲೆ ಮಳೆ ಬಡಿಯುತ್ತಿತ್ತು. ಕೆಳಗೆ ಒಂದು ಹನಿಯೂ ಇರಲಿಲ್ಲ.

"ಕೂತುಕೋ ಮಾರಾಯ," ಎಂದಳು ನಳಿನಾಕ್ಷಿ ಪಿಸುದನಿಯಲ್ಲಿ, "ಚಾ ಮಾಡ್ತೇನೆ."

ಅವನು ಕೂತ.