ಎರಡರ ತಲೆಯ ಮೇಲಿನ ಐದು

ಪುಟದ ಸಂಖ್ಯೆ ಬರೆಯದೆ ಸುಚೇತಾ ಮೇಡಂ ಯಾವ ರೈತನಿಗೂ ಉತ್ತರ ಕೊಟ್ಟವರಲ್ಲ. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಂಜನಗೂಡಿನ ನಮ್ಮ ರೈತ ಕಂಪನಿಯಲ್ಲಿ ಸಲಹೆ ಕೊಡುವವರು ನಾವಿಬ್ಬರೇ. ಸದಸ್ಯರು ಫೋನಿನಲ್ಲಿ ಪ್ರಶ್ನೆ ಕೇಳುತ್ತಾರೆ, ನಾವು ಮೆಸೇಜಿನಲ್ಲಿ ಉತ್ತರ ಬರೆಯುತ್ತೇವೆ. ನಾನು ನಾಲ್ಕು ಸಾಲು ಬರೆಯುವ ಹೊತ್ತಿಗೆ ಅವರು ಒಂದು ಸಾಲು ಬರೆದು ಕನ್ನಡಕ ಒರೆಸುತ್ತಿರುತ್ತಾರೆ.

ಅವರದು ಟಿ. ನರಸೀಪುರ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಾರೆ. ಹಿಂದೆ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಕರಡು ತಿದ್ದಿದವರು. ಪದದ ನೆತ್ತಿಯ ಮೇಲೆ ಪುಟ್ಟ ಅಂಕಿ, ಪುಟದ ಬುಡದಲ್ಲಿ ಅದರ ಅಡಿಟಿಪ್ಪಣಿ, ಎರಡೂ ಹೊಂದುತ್ತವೆಯೇ ಎಂದು ನೋಡುವುದೇ ಅವರ ಕಸುಬಾಗಿತ್ತು. ನಮ್ಮ ಮೆಸೇಜಿನಲ್ಲಿ ಆ ವೈಭೋಗ ಎಲ್ಲಿದೆ? ಅಂಕಿ ನೆತ್ತಿಗೆ ಏರುವುದಿಲ್ಲ. ನಕ್ಷತ್ರ ಹಾಕೋಣವೆಂದರೆ, ವಾಟ್ಸಾಪು ಎರಡು ನಕ್ಷತ್ರಗಳ ನಡುವಿನ ಮಾತನ್ನು ದಪ್ಪಗೆ ಮಾಡಿ ನಕ್ಷತ್ರಗಳನ್ನೇ ನುಂಗಿಬಿಡುತ್ತದೆ. ಲಿಂಕು ಕಳಿಸಿದರೆ ಕೀಪ್ಯಾಡ್ ಫೋನಿನವರು ಒತ್ತುವುದೆಲ್ಲಿ?

ಹಾಗಾಗಿ ಮೇಡಂ ಎಲ್ಲವನ್ನೂ ಮಾತಿನಲ್ಲೇ ಬರೆಯುತ್ತಿದ್ದರು. ಬೇಸಾಯದ ಕೈಪಿಡಿಯೊಂದನ್ನು ಕಂಪನಿ ಎಲ್ಲ ಸದಸ್ಯರಿಗೂ ಕೊಟ್ಟಿತ್ತು. ‘ನಿಮ್ಮಲ್ಲಿರುವ ಹಸಿರು ಕೈಪಿಡಿ, ಪುಟ 41, ಮೂರನೇ ಕೋಷ್ಟಕ.’ ‘ಮೇಲೆ ಹೇಳಿದಂತೆ’ ಎಂದು ಒಮ್ಮೆಯೂ ಬರೆದವರಲ್ಲ. ‘ಕಳೆದ ಸೋಮವಾರ ಹೇಳಿದ ಬೇವಿನ ಹಿಂಡಿ’ ಎಂದು ಪೂರ್ತಿ ಬರೆಯುತ್ತಿದ್ದರು.

“ಮೇಲೆ ಅಂದ್ರೆ ಎಲ್ಲಿ ಸೋಮಶೇಖರ್? ಅವರು ಹಳೇ ಮೆಸೇಜು ಅಳಿಸಿದ್ರೆ ಮೇಲೆ ಏನಿರುತ್ತೆ? ಆಕಾಶ” ಎನ್ನುತ್ತಿದ್ದರು.

“ಯಾರ್ ಓದ್ತಾರೆ ಮೇಡಂ ನಿಮ್ಮ ಪುಟದ ಪುರಾಣ?” ಎಂದು ನಾನು ಗೊಣಗುತ್ತಿದ್ದೆ.

ಆ ಶನಿವಾರ ಅವರು ರಜೆ. ಹೆಡತಲೆಯ ಕಲ್ಲಯ್ಯ ಫೋನು ಮಾಡಿದರು. ಅವರ ಹೊಲದಲ್ಲಿ ರಸಬಾಳೆಯ ಇನ್ನೂರು ಎಳೆ ಕಂದುಗಳು, ತಾಯಿಗಿಡದ ಬುಡದಿಂದ ಕಿತ್ತು ನೆಟ್ಟ ಮರಿಗಳು. ಈಗ ನಮ್ಮ ಸೀಮೆಯಲ್ಲೇ ಸಿಗುವುದು ಅಪರೂಪವಾದ ತಳಿ, ಎರಡು ವರ್ಷ ಊರೂರು ಅಲೆದು ಕೂಡಿಸಿದ್ದರು. ಸೊರಗು ರೋಗ ಬರದಂತೆ ಬುಡಕ್ಕೆ ಸುರಿಯುವ ಔಷಧಿ ಲೀಟರಿಗೆ ಎಷ್ಟು ಗ್ರಾಂ ಎಂದು ಕೇಳಿದರು. ನಾನು ಕಂಪ್ಯೂಟರಿನಲ್ಲಿದ್ದ ಕೈಪಿಡಿಯ ಕೋಷ್ಟಕದ ಸಾಲನ್ನು ಎತ್ತಿ ಮೆಸೇಜಿಗೆ ಅಂಟಿಸಿದೆ. ಕಳಿಸಿ ಟೀ ಕುಡಿಯಲು ಹೋದೆ.

ಸೋಮವಾರ ಮೇಡಂ ನಾನು ಕಳಿಸಿದ ಉತ್ತರಗಳನ್ನು ಓದುತ್ತಾ ಒಂದು ಕಡೆ ನಿಂತುಬಿಟ್ಟರು.

“ಲೀಟರಿಗೆ 25 ಗ್ರಾಮಾ? ಇದು ಎಲ್ಲಿತ್ತು?”

“ಕೈಪಿಡೀಲೇ ಇದೆ, ನೋಡಿ ಬೇಕಾದ್ರೆ.”

ಅವರು ಪುಟ ತೆರೆದರು. ಕೋಷ್ಟಕದಲ್ಲಿದ್ದದ್ದು 2. ಅದರ ನೆತ್ತಿಯ ಮೇಲೆ ಸಾಸಿವೆಯಷ್ಟು ಚಿಕ್ಕದಾಗಿ 5, ಅಂದರೆ ಐದನೇ ಅಡಿಟಿಪ್ಪಣಿ. ಮೆಸೇಜಿಗೆ ಬೀಳುವಾಗ ಆ ಐದು ಕೆಳಗಿಳಿದು ಎರಡರ ಪಕ್ಕ ಕೂತಿತ್ತು. ಪುಟದ ಬುಡದಲ್ಲಿದ್ದ ಐದನೇ ಟಿಪ್ಪಣಿ ಅಲ್ಲೇ ಉಳಿದಿತ್ತು: ‘ವರ್ಷ ತುಂಬಿದ ಗಿಡಕ್ಕೆ ಮಾತ್ರ. ಎಳೆ ಕಂದಿಗೆ ಇದರಲ್ಲಿ ಅರ್ಧ.’

ಒಂದು ಗ್ರಾಂ ಹಾಕಬೇಕಾದ ಕಡೆ ಇಪ್ಪತ್ತೈದು. ಕೂಡಲೇ ಫೋನು ಮಾಡಿದೆ. ಕಲ್ಲಯ್ಯನವರ ಫೋನು ಸ್ವಿಚ್ ಆಫ್.

ಬೈಕಿನಲ್ಲಿ ಹೆಡತಲೆಗೆ ಹೊರಟೆವು. ದಾರಿಯುದ್ದಕ್ಕೂ ಮೇಡಂ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ನಿರಾಳವಾಗುತ್ತಿತ್ತು. ಶನಿವಾರ ಕಳಿಸಿದ ಉತ್ತರ, ನಡುವೆ ಇಡೀ ಭಾನುವಾರ ಕಳೆದಿತ್ತು. ಸುರಿಯುವವರು ಸುರಿದು ಮುಗಿಸಿರುತ್ತಾರೆ ಎಂದೇ ನಾನು ಲೆಕ್ಕ ಹಾಕಿದೆ.

ಕಲ್ಲಯ್ಯ ಹೊಲದ ಬದುವಿನ ಮೇಲೆ ಕೂತಿದ್ದರು. ಔಷಧಿಯ ಪೊಟ್ಟಣ ಪಕ್ಕದಲ್ಲಿತ್ತು, ಬಾಯಿ ಬಿಚ್ಚಿರಲಿಲ್ಲ. ಕಂದುಗಳೆಲ್ಲ ಹಸಿರಾಗಿ ನಿಂತಿದ್ದವು. ನನಗೆ ಅಳುವೇ ಬಂತು.

“ಹಾಕ್ಲಿಲ್ವಾ ಕಲ್ಲಯ್ಯನವರೇ?” ಎಂದು ಮೇಡಂ ಕೇಳಿದರು.

“ಇಲ್ಲ ಕಣಕ್ಕ. ನೀವು ಬರುದ್ರೆ ಪುಟ ಇರ್ತದೆ. ಮೊಮ್ಮಗಳು ಪುಸ್ತಕ ತಗುದು ಓದಿ ಏಳ್ತಾಳೆ, ಆಮೇಲೇ ನಾ ಔಷ್ದಿಗೆ ಕೈ ಆಕದು. ಈ ಸಾರಿ ಪುಟ್ವೇ ಇಲ್ಲ. ಫೋನ್ ಮಾಡನ ಅಂದ್ರೆ ಅದೂ ಕೆಟ್ಟೋಯ್ತು. ಇದ್ಯಾರೋ ಬ್ಯಾರೇರು ಬರ್ದವ್ರೆ, ಅಕ್ಕಾವ್ರು ಬರ್ಲಿ ಅಂತ ಕಾಯ್ತಾ ಕುಂತೆ.”

ಮೇಡಂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಅದು ತಪ್ಪು ಉತ್ತರ. ಲೀಟರಿಗೆ ಒಂದೇ ಗ್ರಾಂ. ಪುಟ 41ರ ಕೆಳಗೆ ಐದನೇ ಟಿಪ್ಪಣೀಲಿದೆ, ಮಗು ಕೈಲಿ ಓದಿಸಿ” ಎಂದರು. ಯಾರು ಬರೆದದ್ದೆಂದು ಹೇಳಲಿಲ್ಲ. ನಾನು ಸುಮ್ಮನಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

“ಆ ಬೇರೆಯೋರು ನಾನೇ ಕಣಣ್ಣ” ಎಂದೆ.

ಕಲ್ಲಯ್ಯ ಎದ್ದು ನನ್ನ ತೋಳು ಹಿಡಿದುಕೊಂಡರು.

“ಬಾ ಮಗ, ಒಳೀಕೆ ಬಾ. ಇನ್ನೂರನ್ನೂ ಒಂದ್ಸಾರಿ ನೋಡ್ಬುಟ್ಟು ಓಗು” ಎಂದು ಮೊದಲ ಸಾಲಿನ ಕಡೆ ಕರೆದುಕೊಂಡು ಹೊರಟರು.