ಯಾರಿಗೂ ಹೇಳದ ಎಚ್ಚರಿಕೆ

ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಕೆಳಗಿನ ಮನೆಯಿಂದ ಬಾಗಿಲು ಬಡಿಯುವ ಸದ್ದು ಬಂದಾಗ ನಾನು ಹಾಲಿನ ಪಾತ್ರೆಯ ಮುಂದೆ ನಿಂತು ಗಡಿಯಾರವನ್ನೇ ನೋಡುತ್ತಿದ್ದೆ. ಅದಕ್ಕೇ ಹೊತ್ತು ಇಷ್ಟು ಚೆನ್ನಾಗಿ ನೆನಪಿದೆ.

ಸರಸ್ವತಿಪುರಂನ ಆ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಕೆಳಗೆ ಮನೆಯೊಡತಿ ಮತ್ತು ಅವರ ತಂಗಿ ವಿದ್ಯಾರ್ಥಿಗಳಿಗೆ ಊಟದ ಮೆಸ್ ನಡೆಸುತ್ತಾರೆ. ನನ್ನ ಕೆಲಸ ಅನುವಾದ. ಔಷಧಿಯ ಚೀಟಿ, ಮಿಕ್ಸಿಯ ಪುಸ್ತಿಕೆ, ವಿಮೆಯ ಅರ್ಜಿ, ಇಂಥವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು. ಆ ಚಳಿಗಾಲಕ್ಕೆ ಮುಂಚೆ ಒಂದು ಗ್ಯಾಸ್ ಗೀಸರಿನ ಕೈಪಿಡಿ ಮಾಡಿದ್ದೆ. ಒಡತಿ ಹೊಸ ಗೀಸರ್ ಕೊಳ್ಳಬೇಕೆಂದಾಗ, "ಆಂಟಿ, ಇದನ್ನೇ ತಗೊಳ್ಳಿ, ಕೈಪಿಡಿ ಕನ್ನಡದಲ್ಲೇ ಇದೆ, ನಾನೇ ಬರೆದದ್ದು" ಎಂದು ಹೆಮ್ಮೆಯಿಂದ ಹೇಳಿದವಳೂ ನಾನೇ. ಅವರು ಅದರಲ್ಲಿದ್ದ ಎಚ್ಚರಿಕೆಯ ಹಾಳೆಯನ್ನು ಬಚ್ಚಲಮನೆ ಬಾಗಿಲಿಗೆ ಅಂಟಿಸಿ, ಮೆಸ್ಸಿಗೆ ಬಂದ ಹುಡುಗರಿಗೆಲ್ಲ ತೋರಿಸಿದ್ದರು.

ನಾನು ಇಳಿದು ಹೋದಾಗ ತಂಗಿ ಎರಡೂ ಕೈಯಿಂದ ಬಚ್ಚಲ ಬಾಗಿಲು ಗುದ್ದುತ್ತಿದ್ದರು.

"ಅಕ್ಕ ಮಾತಾಡ್ತಿಲ್ಲ ಕಣಮ್ಮ! ನೀರು ಮಾತ್ರ ಬೀಳ್ತಾ ಇದೆ!"

ಒಳಗೆ ನೀರು ಒಂದೇ ಸಮನೆ ಸುರಿಯುತ್ತಿತ್ತು. ನಾನು ಭುಜ ಕೊಟ್ಟು ಮೂರನೆಯ ಸಲ ಗುದ್ದಿದಾಗ ಚಿಲಕ ಕಿತ್ತು ಬಂತು. ಬಿಸಿ ಹಬೆ ಮುಖಕ್ಕೆ ಬಡಿಯಿತು. ಅವರು ಗೋಡೆಗೆ ಒರಗಿದಂತೆ ಕುಸಿದಿದ್ದರು. ಚಳಿಯೆಂದು ಕಿಟಕಿಗೆ ಚಿಲಕ ಹಾಕಿ, ಸಂದಿಗೆ ಹಳೆಯ ಟವೆಲ್ ಬೇರೆ ತುರುಕಿದ್ದರು. ಇಬ್ಬರೂ ಸೇರಿ ಅವರನ್ನು ಅಂಗಳಕ್ಕೆ ಎಳೆದು ತಂದೆವು. ನಾನು ಓಡಿ ಹೋಗಿ ಹೊರಗಿದ್ದ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದೆ. ತಂಗಿ ಸೀರೆ ಹೊದಿಸುತ್ತಾ ಅಕ್ಕಾ, ಅಕ್ಕಾ ಎನ್ನುತ್ತಲೇ ಇದ್ದರು. ಆಂಬುಲೆನ್ಸ್ ಬರುವವರೆಗೂ ಅವರ ಮೂಗಿನ ಮುಂದೆ ಬೆರಳಿಟ್ಟು ಕುಳಿತಿದ್ದೆ. ಉಸಿರು ಇತ್ತು. ಇದೆಯೋ ಇಲ್ಲವೋ ಎನ್ನುವಷ್ಟು.

ತಲೆಯೆತ್ತಿದಾಗ ಎದುರಿಗೆ ಅರೆ ತೆರೆದ ಬಾಗಿಲ ಮೇಲೆ ನನ್ನ ಹಾಳೆ ಕಾಣಿಸಿತು. ನಾಲ್ಕನೆಯ ಸಾಲು: "ಯಾವ ಕೋಣೆಯು ಗಾಳಿ ಸಂಚಾರಕ್ಕಾಗಿ ತೆರೆಯಲ್ಪಟ್ಟ ಕಿಟಕಿಯನ್ನು ಹೊಂದಿರುವುದಿಲ್ಲವೋ ಅಂತಹ ಕೋಣೆಯಲ್ಲಿ ಈ ಉಪಕರಣವು ಬಳಸಲ್ಪಡತಕ್ಕದ್ದಲ್ಲ."

ನಾನು ಮೊದಲು ಬರೆದದ್ದು ಇದಲ್ಲ. "ಕಿಟಕಿ ತೆರೆದಿಡಿ. ಆಮೇಲೆ ಗೀಸರ್ ಆನ್ ಮಾಡಿ" ಎಂದಿದ್ದೆ. ಅನುವಾದ ಪರಿಶೀಲಿಸುವವರು ಅದನ್ನು ಹಿಂದಕ್ಕೆ ಕಳಿಸಿದರು. ಪರದೆಯಲ್ಲಿ ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ, ಒಂದು ಚೌಕಕ್ಕೆ ಒಂದು ವಾಕ್ಯ. "ಮೂಲದಲ್ಲಿ ಒಂದೇ ವಾಕ್ಯವಿದೆ, ನಿಮ್ಮಲ್ಲಿ ಎರಡು. ಮೂಲದಲ್ಲಿ ‘ಇಡಿ, ಮಾಡಿ’ ಎಂದು ನೇರವಾಗಿ ಹೇಳಿಲ್ಲ. ಸರಿಪಡಿಸಿ" ಎಂಬ ಟಿಪ್ಪಣಿ. ಸಂಜೆಯೊಳಗೆ ಕಳಿಸಬೇಕಿತ್ತು. ವಾದ ಮಾಡಲಿಲ್ಲ. ಇಂಗ್ಲಿಷು ಹೇಗಿತ್ತೋ ಹಾಗೇ ಕನ್ನಡಕ್ಕೆ ಇಳಿಸಿ ಕೊಟ್ಟೆ.

ಇನ್ನೂ ಒಂದು ತಪ್ಪಿದೆ. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಲಕ್ಷ್ಮೀಪುರಂನಲ್ಲಿದ್ದಾರೆ. ಅವರದೊಂದು ಪದ್ಧತಿ. ಎಚ್ಚರಿಕೆಯ ಸಾಲು ಬರೆದ ಮೇಲೆ ಅದನ್ನು ನಮ್ಮ ಕಸುಬಿನವರಲ್ಲದ ಒಬ್ಬರಿಗೆ ಓದಿ ಹೇಳಬೇಕು. ಹೇಳಿ, "ಅರ್ಥವಾಯಿತಾ?" ಎಂದು ಕೇಳಬಾರದು, ಎಲ್ಲರೂ ಹೂಂ ಎನ್ನುತ್ತಾರೆ. "ಈಗ ನೀವು ಏನು ಮಾಡ್ತೀರಿ?" ಎಂದು ಕೇಳಬೇಕು. ಹನ್ನೊಂದು ವರ್ಷ ಹಾಗೆ ಮಾಡಿದ್ದೆ. ಆ ಸಂಜೆ ಮಾಡಲಿಲ್ಲ. ಓದಿ ಹೇಳಲು ಒಡತಿ ಕೆಳಗೇ ಇದ್ದರು, ಹದಿನಾಲ್ಕು ಮೆಟ್ಟಿಲು.

ಆಸ್ಪತ್ರೆಯಲ್ಲಿ ಒಡತಿಗೆ ಎರಡು ದಿನ ಆಮ್ಲಜನಕ ಕೊಟ್ಟರು. ಇನ್ನು ಕಾಲು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದಾಗ ಹುಟ್ಟುವ ವಿಷಗಾಳಿಗೆ ವಾಸನೆಯಿಲ್ಲ, ತಲೆ ಸುತ್ತಿದ ಸ್ವಲ್ಪ ಹೊತ್ತಿಗೇ ಕೈಕಾಲಿನ ಶಕ್ತಿ ಹೋಗಿಬಿಡುತ್ತದೆ. ಮನೆಗೆ ಬಂದ ಮೇಲೂ ವಾರಗಟ್ಟಲೆ ಅವರಿಗೆ ತಲೆನೋವು. ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದರು. ಮೆಸ್ಸಿನ ಹುಡುಗರು ಮಜ್ಜಿಗೆ ಬೆರೆಸಿಕೊಂಡು ಉಣ್ಣುತ್ತಿದ್ದರು.

ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ. "ಆಂಟಿ, ಆ ಹಾಳೆ ಓದಿರಲಿಲ್ವಾ?"

"ಓದ್ದೆ ಕಣಮ್ಮ, ಎರಡು ಸಲ ಓದ್ದೆ. ನೀನು ಬರ್ದಿದ್ದು ಅಂತ." ಅವರೆಕಾಳು ಬಿಡಿಸುತ್ತಾ ಹೇಳಿದರು. "ಯಾರಿಗೋ ಹೇಳಿದ್ದಾರೆ ಅನ್ಕೊಂಡೆ. ಗೀಸರ್ ಕೂರ್ಸಕ್ಕೆ ಬರ್ತಾರಲ್ಲ, ಅವರಿಗೆ. ಕೋರ್ಟು ಕಾಗದದ ಥರ ಇತ್ತು. ನನ್ನ ಬಚ್ಚಲಲ್ಲಿ ಕಿಟಕಿ ಇದೆಯಲ್ಲ, ಸರಿಹೋಯ್ತು ಅಂದ್ಬುಟ್ಟು ಸುಮ್ಮನಾದೆ."

ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ.

ಮಾರನೆಯ ದಿನ ಇಡೀ ಹಾಳೆಯನ್ನು ಅವರ ಮುಂದೆ ಕೂತು ತಿದ್ದಿದೆ. "ಅನಿಲದ ಸೋರಿಕೆಯು ಗಮನಿಸಲ್ಪಟ್ಟಲ್ಲಿ ನಿಯಂತ್ರಕವು ಮುಚ್ಚಲ್ಪಡಬೇಕು" ಎಂದಿದ್ದದ್ದು "ಗ್ಯಾಸ್ ವಾಸನೆ ಬಂದರೆ ಕೂಡಲೇ ರೆಗ್ಯುಲೇಟರ್ ಬಂದ್ ಮಾಡಿ" ಎಂದಾಯಿತು. "ಯಾರು ತರಬೇತಿಯನ್ನು ಪಡೆದಿರುತ್ತಾರೋ ಅಂತಹ ತಂತ್ರಜ್ಞರಿಂದ ಮಾತ್ರ ದುರಸ್ತಿಯು ಮಾಡಲ್ಪಡಬೇಕು" ಎಂಬುದನ್ನು "ತರಬೇತಿ ಪಡೆದ ಮೆಕ್ಯಾನಿಕ್ ಕೈಲೇ ರಿಪೇರಿ ಮಾಡಿಸಿ" ಎಂದು ಮಾಡಿದೆ. ‘ಯಾರು–ಅವರು’ ಎಂಬ ಜೋಡಣೆ, ‘ಮಾಡಲ್ಪಡು’ ಎನ್ನುವಲ್ಲಿನ ‘ಪಡು’, ಇವು ಕನ್ನಡಕ್ಕೆ ಹೊರಗಿನವಲ್ಲ. ಗಾದೆಗಳಲ್ಲಿ, ಹಳೆಯ ಗ್ರಂಥಗಳಲ್ಲಿ ಇವೆ. ಆದರೆ ಅವಸರದಲ್ಲಿ ಓದುವವರಿಗೆ ಬೇಕಾದ್ದು ಯಾರು ಏನು ಮಾಡಬೇಕು ಎಂಬುದು. "ತರಬೇತಿ ಪಡೆದ" ಎಂದು ಮುಂದಕ್ಕೆ ತಂದರೆ ವಾಕ್ಯ ನೆಟ್ಟಗಾಗುತ್ತದೆ. "ಮಾಡಿಸಿ" ಎಂದರೆ ಯಾರಿಗೆ ಹೇಳಿದ್ದೆಂದು ತಾನಾಗಿಯೇ ತಿಳಿಯುತ್ತದೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡದೆ ಹೋದೆ.

ನಾಲ್ಕನೆಯ ಸಾಲಿಗೆ ಬಂದಾಗ ನನ್ನ ಮೊದಲಿನ ವಾಕ್ಯವನ್ನೇ ಓದಿದೆ. "ಕಿಟಕಿ ತೆರೆದಿಡಿ. ಆಮೇಲೆ ಗೀಸರ್ ಆನ್ ಮಾಡಿ. ಈಗ ನೀವು ಏನು ಮಾಡ್ತೀರಿ?"

"ಎಷ್ಟು ತೆಗೀಬೇಕು?" ಎಂದರು ಒಡತಿ. "ಬೆರಳಷ್ಟು ಸಂದಿ ಬಿಟ್ರೆ ತೆಗೆದ ಹಾಗಲ್ವಾ?"

"ನೀನು ಬೆರಳಷ್ಟು ಬಿಟ್ಟು ಅದಕ್ಕೂ ಟವೆಲ್ ತುರುಕ್ತೀಯ ಬಿಡು" ಎಂದರು ತಂಗಿ.

ಅಕ್ಕ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು. ನನಗೆ ನಗು ಬರಲಿಲ್ಲ. ನನ್ನ ಒಳ್ಳೆಯ ವಾಕ್ಯವೂ ಸಾಲದಾಗಿತ್ತು. "ಕಿಟಕಿಯನ್ನು ಪೂರ್ತಿ ತೆರೆಯಿರಿ. ಆಮೇಲೆ ಗೀಸರ್ ಆನ್ ಮಾಡಿ. ಚಳಿ ಎಂದು ಮುಚ್ಚಬೇಡಿ. ತಲೆ ಸುತ್ತಿದರೆ ತಕ್ಷಣ ಹೊರಗೆ ಬನ್ನಿ" ಎಂದು ಬರೆದುಕೊಂಡೆ.

ಅದನ್ನು ಗೀಸರ್ ಕಂಪನಿಗೆ ಕಳಿಸಿದೆ, ನಡೆದದ್ದನ್ನೂ ಬರೆದೆ. ಮುಂದಿನ ಮುದ್ರಣದಲ್ಲಿ ಬದಲಿಸುತ್ತೇವೆ ಎಂಬ ಎರಡು ಸಾಲಿನ ಉತ್ತರ ಬಂತು. ಆಗಲೇ ಮಾರಿಹೋದ ಪೆಟ್ಟಿಗೆಗಳ ಬಗ್ಗೆ ಮತ್ತೆ ಕೇಳಿದೆ, ಮತ್ತೆ ಕೇಳಿದೆ. ಅದಕ್ಕೆ ಇಂದಿಗೂ ಉತ್ತರವಿಲ್ಲ. ಯಾವ ಯಾವ ಊರಿನ ಬಚ್ಚಲ ಬಾಗಿಲಲ್ಲಿ ನನ್ನ ಆ ಸಾಲು ಇದೆಯೋ ತಿಳಿಯದು.

ಮೆಕ್ಯಾನಿಕ್ ಬಂದು ಗೀಸರನ್ನು ಕಿತ್ತು ಬಚ್ಚಲಿನ ಹೊರಗೋಡೆಗೆ ಕೂರಿಸಿದ. ಅಪಾಯ ಮುಗಿಯಿತು ಎಂದು ಎಲ್ಲರೂ ಹೇಳಿದರು. ಆದರೂ ನನಗೆ ನಸುಕಿನಲ್ಲೇ ಎಚ್ಚರವಾಗುತ್ತಿತ್ತು. ನೀರಿನ ಸದ್ದಿಗೆ ಮುಂಚೆ ಕಿಟಕಿಯ ಚಿಲಕ ಸರಿದ ಸದ್ದು ಕೇಳುವವರೆಗೂ ಕಿವಿಗೊಟ್ಟು ಮಲಗಿರುತ್ತಿದ್ದೆ. ಚಳಿ ಕಳೆದು, ಬೀದಿಯ ಹೊಂಗೆಮರ ಚಿಗುರುವವರೆಗೂ ಹೀಗೇ.

ಒಂದು ಭಾನುವಾರ ಒಗ್ಗರಣೆಯ ಘಾಟಿಗೆ ಎಚ್ಚರವಾಯಿತು. ಎಂಟೂ ಕಾಲು. ಚಿಲಕದ ಸದ್ದು ಕೇಳಿರಲಿಲ್ಲ. ಚಪ್ಪಲಿಯಿಲ್ಲದೆ ಮೆಟ್ಟಿಲಿಳಿದೆ. ಒಡತಿ ಒದ್ದೆ ಕೂದಲಿಗೆ ಟವೆಲ್ ಸುತ್ತಿ ಒಲೆಯ ಮುಂದೆ ನಿಂತಿದ್ದರು. ಅವರ ಹಿಂದೆ, ಬಚ್ಚಲ ಬಾಗಿಲಾಚೆ, ಕಿಟಕಿ ಪೂರ್ತಿ ತೆರೆದಿತ್ತು.

"ಯಾಕಮ್ಮ ಹಿಂಗೆ ಓಡಿ ಬಂದೆ?"

"ನಿದ್ದೆ ಬಂದ್ಬಿಡ್ತು ಆಂಟಿ, ಚಿಲಕದ ಸದ್ದು ಕೇಳಿಸಲಿಲ್ಲ."

"ಬರಲಿ ಬಿಡು" ಎಂದರು.