ಫ್ರಿಜ್ಜಿನೊಳಗಿನ ಬೀಗದ ಕೈ

ಪಾಡ್‌ಕಾಸ್ಟಿಗೆ ಅತಿಥಿಗಳನ್ನು ಕರೆಯುವುದು ಅವಳ ಕೆಲಸ. ನಿವೃತ್ತ ಮೇಷ್ಟ್ರೊಬ್ಬರಿಗೆ ಬರೆದ ಆಹ್ವಾನದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ್ದಳು: ಗುರುವಾರ ಹನ್ನೊಂದಕ್ಕೆ ಮನೆಯಿಂದಲೇ ಆನ್‌ಲೈನ್ ರೆಕಾರ್ಡಿಂಗ್, ಮುಕ್ಕಾಲು ಗಂಟೆಯ ಮಾತು, ವೈರಿರುವ ಇಯರ್‌ಫೋನ್ ಹಾಕಿಕೊಳ್ಳಿ, ಫ್ಯಾನು ನಿಲ್ಲಿಸಿ. ಗುಂಯ್‌ಗುಡುವ ಫ್ರಿಜ್ಜನ್ನೂ ಆರಿಸಿ. ಮತ್ತೆ ಹಾಕಲು ಮರೆಯದಂತೆ ಮನೆಯ ಬೀಗದ ಕೈಯನ್ನು ಅದರೊಳಗಿಡಿ, ಹೊರಗೆ ಹೊರಟಾಗ ತಾನಾಗಿ ನೆನಪಾಗುತ್ತದೆ.

ಕಾರ್ಯಕ್ರಮ ನಡೆಸುವ ಸಾಹೇಬರು ಓದಿ ಕಿಸಕ್ಕನೆ ನಕ್ಕರು. “ಫ್ರಿಜ್ಜಲ್ಲಿ ಬೀಗದ ಕೈಯಾ? ನಮ್ಮ ಮರ್ಯಾದೆ ಏನಾಗ್ಬೇಕು?” ಎಂದು ಆ ಸಾಲೊಂದನ್ನು ಹೊಡೆದುಹಾಕಿ ಕಳಿಸಿದರು.

ಶುಕ್ರವಾರ ಮೇಷ್ಟ್ರ ಹೆಂಡತಿ ಫೋನಿನಲ್ಲೇ ಅವಳ ಚಳಿ ಬಿಡಿಸಿದರು. “ಆರ್ಸಿ ಅಂದೋಳು, ಮತ್ತೆ ಹಾಕಿ ಅನ್ನಬಾರ್ದಿತ್ತೇನಮ್ಮಾ? ಹಾಲು, ಮೀನು ಎಲ್ಲಾ ಗಬ್ಬು ನಾರ್ತಿದೆ!”

ಪಕ್ಕದಲ್ಲೇ ಕೂತಿದ್ದ ಸಾಹೇಬರು, “ನೀನು ಸರಿಯಾಗಿ ಬರೀಬೇಕಿತ್ತಮ್ಮ” ಎಂದುಬಿಟ್ಟರು, ತಾವು ಏನೂ ಅರಿಯದವರಂತೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ಆಫೀಸಿನ ಫ್ರಿಜ್ಜಿನಿಂದ ತಣ್ಣೀರು ಕುಡಿದು ಬಂದಳು.

ಸಂಜೆ ಸಾಹೇಬರು ಜೇಬು ತಡಕಿ, ಮೇಜು ಜಾಲಾಡಿ, ಬೆವೆತುಹೋದರು. “ನನ್ನ ಕಾರಿನ ಕೀ ನೋಡಿದ್ಯೇನಮ್ಮ?”

“ನೀವು ಹೊಡೆದುಹಾಕಿದ ಸಾಲಲ್ಲಿದೆ ಸಾರ್. ಮರ್ಯಾದೆಯಾಗಿ, ತಣ್ಣಗೆ ಕೂತಿದೆ.”